ಅಡಾಪ್ಟರ್ ಹತ್ತಿರ ನೀರು ಜಿನುಗುತ್ತಿದೆಯಾ? ಪಾನಾ ಹಿಡಿಯುವ ಮೊದಲು ಇಷ್ಟು ನೋಡಿ

ಪ್ಲಾಸ್ಟಿಕ್ ಪೈಪು ಹಿತ್ತಾಳೆ ನಲ್ಲಿಗೆ ಸೇರುವ ಜಾಗದಲ್ಲಿ ಒಂದು ಹನಿ ಕಂಡರೆ ಸಾಕು, ನಮ್ಮ ಕೈ ಸೀದಾ ಪಾನಾ ಕಡೆ ಹೋಗುತ್ತದೆ. ಅರ್ಧ ಸುತ್ತು ಬಿಗಿ ಮಾಡುತ್ತೇವೆ. ಹನಿ ನಿಲ್ಲುತ್ತದೆ. ನಾಲ್ಕು ದಿನ ಕಳೆದ ಮೇಲೆ ಮತ್ತೆ ಶುರು, ಈ ಸಲ ಮೊದಲಿಗಿಂತ ಜಾಸ್ತಿ. ನಾನೂ ಇದನ್ನೇ ಮಾಡಿದವನು. ಒಂದು ನಲ್ಲಿಯ ಜೋಡಣೆಯನ್ನು ಮೂರು ಸಲ ಬಿಚ್ಚಿ ಹಾಕಿದ ಮೇಲೆ ಒಂದು ವಿಷಯ ಅರ್ಥವಾಯಿತು. ಈ ಜಾಗದಲ್ಲಿ ಬಿಗಿ ಮಾಡುವುದೇ ಎಷ್ಟೋ ಸಲ ಸೋರಿಕೆಗೆ ಕಾರಣ.

ಅಡಾಪ್ಟರ್ ಅನ್ನೋದು ಬೆರಳುದ್ದದ ಸಾಮಾನು. ಆದರೆ ಅದರಲ್ಲಿ ಎರಡು ಬೇರೆ ಬೇರೆ ಜಾತಿಯ ಜೋಡಣೆಗಳಿವೆ. ಒಂದು ತುದಿಯಲ್ಲಿ ಪೈಪು ಸಾಲ್ವೆಂಟ್ ಸಿಮೆಂಟಿನಿಂದ ಅಂಟಿಕೊಳ್ಳುತ್ತದೆ. ಇನ್ನೊಂದು ತುದಿಯಲ್ಲಿ ನಲ್ಲಿ ಥ್ರೆಡ್ಡಿನಿಂದ ಕೂರುತ್ತದೆ. ನಡುವೆ ಅಡಾಪ್ಟರಿನ ಮೈ. ಹಾಗಾಗಿ ಸೋರುವ ಜಾಗ ಮೂರು: ಥ್ರೆಡ್ಡು, ಅಂಟು, ಮೈಯಲ್ಲಿ ಬಿಟ್ಟ ಬಿರುಕು. ಮೂರಕ್ಕೂ ಮದ್ದು ಬೇರೆ. ಮೂರೂ ಹೊರಗಿನಿಂದ ನೋಡಿದರೆ ಒಂದೇ ಥರ ಕಾಣುತ್ತವೆ, ಅದೇ ಕಷ್ಟ. ನೀರು ಎಲ್ಲಿಂದ ಬಂದರೂ ಪೈಪಿನ ಮೈ ಹಿಡಿದು ಇಳಿದು, ಅತಿ ಕೆಳಗಿನ ಅಂಚಿನಲ್ಲಿ ಹನಿಯಾಗಿ ನೇತಾಡುತ್ತದೆ. ಹನಿ ಬೀಳುವ ಜಾಗ ಬೇರೆ, ನೀರು ಹೊರಡುವ ಜಾಗ ಬೇರೆ.

ಮೊದಲು ಹನಿಯ ಮೂಲ ಹಿಡಿಯಿರಿ

ಬಟ್ಟೆಯಿಂದ ಇಡೀ ಜೋಡಣೆಯನ್ನು ಚೆನ್ನಾಗಿ ಒರೆಸಿ. ಸುಮ್ನೆ ಒಂದು ಸಲ ಸವರಿದರೆ ಸಾಲದು. ಥ್ರೆಡ್ಡಿನ ಸಂದು, ಸಾಕೆಟ್ಟಿನ ಬಾಯಿ, ನಲ್ಲಿಯ ಕುತ್ತಿಗೆ ಎಲ್ಲ ಒಣಗಬೇಕು. ಆಮೇಲೆ ಟಿಶ್ಯೂ ಕಾಗದವನ್ನು ತೆಳ್ಳಗೆ ಪಟ್ಟಿ ಮಾಡಿ ಮೂರು ಕಡೆ ಸುತ್ತಿ. ಒಂದು ಪಟ್ಟಿ ನಲ್ಲಿ ಅಡಾಪ್ಟರಿಗೆ ಸೇರುವ ಕಡೆ, ಒಂದು ಅಡಾಪ್ಟರಿನ ಹೊಟ್ಟೆಗೆ, ಇನ್ನೊಂದು ಪೈಪು ಸಾಕೆಟ್ಟಿನೊಳಗೆ ಹೋಗುವ ಅಂಚಿಗೆ. ಐದು ನಿಮಿಷ ಬಿಟ್ಟು ನೋಡಿ. ಯಾವ ಪಟ್ಟಿ ಮೊದಲು ಒದ್ದೆಯಾಯಿತೋ ಅದೇ ನಿಮ್ಮ ಜಾಗ. ತುಂಬಾ ನಿಧಾನವಾಗಿ ಜಿನುಗುತ್ತಿದ್ದರೆ ಕಾಗದದ ಬದಲು ಸೀಮೆಸುಣ್ಣದ ಪುಡಿ ಉದುರಿಸಿ. ನೀರು ಹೊರಡುವ ಕಡೆ ಪುಡಿಯಲ್ಲಿ ಕಪ್ಪಗೆ ಒಂದು ಗೆರೆ ಮೂಡುತ್ತದೆ.

ಪೈಪು ಲಂಬವಾಗಿ ನಿಂತಿದ್ದರೆ ಮೇಲಿನ ಜೋಡಣೆಯನ್ನೂ ಒಮ್ಮೆ ನೋಡಿ. ಎರಡು ಅಡಿ ಮೇಲಿನ ಎಲ್ಬೋ ಸೋರುತ್ತಿದ್ದು, ಕೆಳಗಿನ ಅಡಾಪ್ಟರ್ ಸುಮ್ಮನೆ ಬೈಗುಳ ತಿನ್ನುತ್ತಿರುವುದು ಉಂಟು. ತಣ್ಣೀರಿನ ಪೈಪಿನ ಮೇಲೆ ಬೆವರಿನ ಹಾಗೆ ಕೂರುವ ನೀರನ್ನು ಸೋರಿಕೆ ಅಂದುಕೊಳ್ಳುವುದೂ ಉಂಟು. ಬೆವರಾದರೆ ಪೈಪಿನ ಉದ್ದಕ್ಕೂ ಇರುತ್ತದೆ, ಒಂದೇ ಜಾಗದಲ್ಲಿ ಅಲ್ಲ.

ಹನಿ ಯಾವಾಗ ಬೀಳುತ್ತದೆ ಅನ್ನುವುದೂ ಸುಳಿವು ಕೊಡುತ್ತದೆ. ಪಂಪು ಓಡುವಾಗ ಮಾತ್ರ ಜಿನುಗಿದರೆ ಒತ್ತಡಕ್ಕೆ ಬಾಯಿ ಬಿಡುವ ಸಣ್ಣ ಬಿರುಕೋ, ಅರೆಬರೆ ಅಂಟೋ ಇರಬಹುದು. ಗೀಸರಿನ ಸಾಲಿನಲ್ಲಿ ಬಿಸಿನೀರು ಬಿಟ್ಟಾಗ ನಿಂತು, ತಣ್ಣಗಾದ ಮೇಲೆ ಜಿನುಗಿದರೆ ಥ್ರೆಡ್ಡಿನ ಮೇಲೆ ಅನುಮಾನಪಡಿ. ಪ್ಲಾಸ್ಟಿಕ್ಕು ಬಿಸಿಗೆ ಹಿತ್ತಾಳೆಗಿಂತ ಮೂರು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ, ತಣ್ಣಗಾದಾಗ ಅಷ್ಟೇ ಕುಗ್ಗುತ್ತದೆ. ಬಿಸಿನೀರಿಗೆ ಹಾಕುವ ಸಿಪಿವಿಸಿ ಪೈಪು 3 ಮೀಟರ್ ಉದ್ದ ಇದ್ದು 40 ಡಿಗ್ರಿ ಬಿಸಿಯೇರಿದರೆ ಹತ್ತಿರ ಹತ್ತಿರ 8 ಮಿಲಿಮೀಟರ್ ಉದ್ದವಾಗುತ್ತದೆ. ಆ ಎಳೆದಾಟವೆಲ್ಲ ಕೊನೆಗೆ ಬಂದು ನಿಲ್ಲುವುದು ತುದಿಯ ಅಡಾಪ್ಟರಿನ ಮೇಲೆ. ಪೈಪಿಗೆ ಎಲ್ಲೋ ಒಂದು ತಿರುವು, ಸ್ವಲ್ಪ ಸರಿದಾಡುವ ಜಾಗ ಕೊಡದಿದ್ದರೆ ಎಷ್ಟು ಟೇಪ್ ಸುತ್ತಿದರೂ ಇದು ನಿಲ್ಲುವುದಿಲ್ಲ. ಇನ್ನು ಬಿಸಿನೀರಿಗೆ ಸಾದಾ ಪಿವಿಸಿ ಹಾಕಿದ್ದರೆ ಹುಡುಕುವ ಕೆಲಸವೇ ಇಲ್ಲ, ಸಾಲನ್ನೇ ಬದಲಿಸಬೇಕು.

ನನ್ನ ನಲ್ಲಿಯ ಕತೆ

ಬಟ್ಟೆ ಒಗೆಯುವ ಮೆಷಿನ್ನಿಗೆ ನೀರು ಕೊಡುವ ನಲ್ಲಿ ಅದು. ಗೋಡೆಯ ಹೊರಗೆ ಕಾಣುವ ಅರ್ಧ ಇಂಚಿನ ಸಿಪಿವಿಸಿ ಪೈಪು, ಅದರ ತುದಿಗೆ ಪೂರ್ತಿ ಪ್ಲಾಸ್ಟಿಕ್ಕಿನ ಅಡಾಪ್ಟರ್, ಒಳಗಡೆ ಥ್ರೆಡ್. ನಲ್ಲಿ ಹಿತ್ತಾಳೆಯದು, ಹೊರಗಡೆ ಥ್ರೆಡ್. ಅಂದರೆ ಲೋಹ ಪ್ಲಾಸ್ಟಿಕ್ಕಿನ ಒಳಗೆ ಹೋಗಿದೆ. ತಪ್ಪು ಅಲ್ಲೇ ಇತ್ತು, ನನಗೆ ಗೊತ್ತಿರಲಿಲ್ಲ.

ಮೊದಲ ಹನಿ ಕಂಡಾಗ ಅರ್ಧ ಸುತ್ತು ಬಿಗಿ ಮಾಡಿದೆ. ನಿಂತಿತು. ವಾರದೊಳಗೆ ಮತ್ತೆ ಬಂತು. ಈ ಸಲ ನಲ್ಲಿ ಬಿಚ್ಚಿ ಟೆಫ್ಲಾನ್ ಟೇಪನ್ನು ಹದಿನೈದು ಸುತ್ತು ಹೊಡೆದು, ಹಲ್ಲು ಕಚ್ಚಿ ಬಿಗಿದೆ. ಎರಡು ವಾರ ಒಣಗಿತ್ತು. ಆಮೇಲೆ ಒಂದು ದಿನ ಹನಿ ಅಲ್ಲ, ಸಣ್ಣ ದಾರದ ಹಾಗೆ ನೀರು.

ಆಗ ಟಿಶ್ಯೂ ಸುತ್ತಿ ನೋಡಿದೆ. ಒದ್ದೆಯಾದದ್ದು ನಡುವಿನ ಪಟ್ಟಿ, ಅಡಾಪ್ಟರಿನ ಹೊಟ್ಟೆಯದು. ಟಾರ್ಚನ್ನು ನೇರವಾಗಿ ಬಿಟ್ಟರೆ ಏನೂ ಕಾಣಲಿಲ್ಲ. ಪಕ್ಕದಿಂದ, ಮೈಗೆ ತಾಗಿದ ಹಾಗೆ ಬೆಳಕು ಬಿಟ್ಟಾಗ ಕೂದಲೆಳೆಯಂಥ ಒಂದು ಗೆರೆ ಕಂಡಿತು. ಬಾಯಿಯ ಅಂಚಿನಿಂದ ಶುರುವಾಗಿ ಪೈಪಿನ ಉದ್ದಕ್ಕೆ ಒಂದು ಸೆಂಟಿಮೀಟರಿನಷ್ಟು ಓಡಿತ್ತು. ಉಗುರಿನಿಂದ ಕೆರೆದರೆ ಸಿಕ್ಕಿಕೊಳ್ಳುತ್ತಿತ್ತು.

ಆದದ್ದು ಇಷ್ಟೇ. ನಲ್ಲಿಯ ಥ್ರೆಡ್ಡು ತುದಿಯಲ್ಲಿ ಸಣ್ಣ, ಬುಡದಲ್ಲಿ ದಪ್ಪ. ತಿರುಗಿಸಿದಷ್ಟೂ ಅದು ಬೆಣೆಯ ಹಾಗೆ ಒಳಗೆ ಹೋಗುತ್ತದೆ. ಸೌದೆ ಸೀಳುವವರು ಬೆಣೆ ಹೊಡೆಯುತ್ತಾರಲ್ವಾ, ಥೇಟ್ ಹಾಗೇ. ಹಿತ್ತಾಳೆ ಹಿಗ್ಗುವುದಿಲ್ಲ, ಹಾಗಾಗಿ ಹಿಗ್ಗಬೇಕಾದದ್ದು ಪ್ಲಾಸ್ಟಿಕ್ಕೇ. ಅದು ಹಿಗ್ಗಿದ ಸ್ಥಿತಿಯಲ್ಲೇ ದಿನಗಟ್ಟಲೆ ನಿಂತಿರುತ್ತದೆ. ಒಂದು ದಿನ ಸೀಳುತ್ತದೆ. ಬಿಗಿದ ತಕ್ಷಣ ಬಿರಿಯದೆ ಎರಡು ವಾರ ಕಾದು ಬಿರಿದದ್ದು ಅದಕ್ಕೇ. ಜಾಸ್ತಿ ಟೇಪ್ ಸುತ್ತಿದ್ದು ಬೆಣೆಯನ್ನು ಇನ್ನಷ್ಟು ದಪ್ಪ ಮಾಡಿತು. ನಾನು ಸೋರಿಕೆ ನಿಲ್ಲಿಸುತ್ತಿದ್ದೇನೆ ಅಂದುಕೊಂಡು ಬಿರುಕನ್ನು ಬೆಳೆಸುತ್ತಿದ್ದೆ.

ಇಂಥ ಬಿರುಕಿಗೆ ರಿಪೇರಿ ಇಲ್ಲ. ಮೇಲಿನಿಂದ ಸಾಲ್ವೆಂಟ್ ಸಿಮೆಂಟ್ ಬಳಿಯುವುದನ್ನು ತುಂಬಾ ಜನ ಮಾಡುತ್ತಾರೆ. ಬಿರುಕಿನೊಳಗೆ ನೀರು ನಿಂತಿರುತ್ತದೆ, ಸಿಮೆಂಟು ಒಳಗೆ ಹೋಗುವುದೇ ಇಲ್ಲ. ಹೊರಗೆ ಒಂದು ಪೊರೆ ಕಟ್ಟಿ, ಒತ್ತಡ ಬಂದಾಗ ಸಿಪ್ಪೆಯ ಹಾಗೆ ಏಳುತ್ತದೆ. ಎಪಾಕ್ಸಿ ಮೆತ್ತಿದರೆ ಹೊಸ ಅಡಾಪ್ಟರ್ ತರುವವರೆಗೆ ದಿನ ದೂಡಬಹುದು, ಅಷ್ಟೇ.

ಅದರ ಜಾಗಕ್ಕೆ ಒಳಗೆ ಹಿತ್ತಾಳೆ ಥ್ರೆಡ್ ಕೂರಿಸಿರುವ ಅಡಾಪ್ಟರ್ ಹಾಕಬೇಕು. ಅದರಲ್ಲಿ ಲೋಹಕ್ಕೆ ಲೋಹ ಸೇರುತ್ತದೆ, ಬೆಣೆಯ ಏಟನ್ನು ಹಿತ್ತಾಳೆಯೇ ತಡೆಯುತ್ತದೆ. ಲೋಹದ ಕಡೆ ಒಳ ಥ್ರೆಡ್ ಇದ್ದರೆ ಪ್ಲಾಸ್ಟಿಕ್ಕಿನ ಹೊರ ಥ್ರೆಡ್ ಅಡಾಪ್ಟರ್ ಧಾರಾಳವಾಗಿ ಹಾಕಬಹುದು. ಆಗ ಪ್ಲಾಸ್ಟಿಕ್ಕಿಗೆ ಬೀಳುವುದು ಸುತ್ತಲಿಂದ ಅದುಮುವ ಒತ್ತಡ, ಅದನ್ನು ಅದು ತಡೆದುಕೊಳ್ಳುತ್ತದೆ. ಲೋಹದೊಳಗೆ ಪ್ಲಾಸ್ಟಿಕ್ ಸರಿ, ಪ್ಲಾಸ್ಟಿಕ್ಕಿನೊಳಗೆ ಲೋಹ ಬೇಡ. ಅಂಗಡಿಯಲ್ಲಿ ಸಾಮಾನು ಆರಿಸುವಾಗ ನಾನು ಈಗ ನೋಡುವುದು ಇದೊಂದನ್ನೇ.

ಎರಡನೇ ತಪ್ಪು: ಅಂಟಿನದು

ಹೊಸ ಅಡಾಪ್ಟರ್ ತಂದೆ. ಹಳೆಯದನ್ನು ಪೈಪಿನ ಸಮೇತ ಕತ್ತರಿಸಿ ತೆಗೆದೆ. ಪೈಪಿನ ತುದಿಗೆ ಸಿಮೆಂಟ್ ಹಚ್ಚಿ ಅಡಾಪ್ಟರ್ ತುರುಕಿದೆ. ಇಪ್ಪತ್ತು ನಿಮಿಷ ಬಿಟ್ಟು ನಲ್ಲಿ ತಿರುಗಿಸಿದೆ. ನಲ್ಲಿಯ ಬಾಯಿ ಪಕ್ಕಕ್ಕೆ ನಿಂತಿತ್ತು. ಕೆಳಕ್ಕೆ ತರಬೇಕಲ್ಲ, ಇನ್ನೊಂದು ಕಾಲು ಸುತ್ತು ಜೋರಾಗಿ ತಿರುಗಿಸಿದೆ. ಆಗ ಕೈಗೆ ಏನೋ ಸ್ವಲ್ಪ ಜಾರಿದ ಹಾಗಾಯಿತು. ಥ್ರೆಡ್ಡು ಕೂತಿತು ಅಂದುಕೊಂಡೆ. ನಿಜಕ್ಕೂ ತಿರುಗಿದ್ದು ಹಸಿ ಅಂಟು.

ಸಂಜೆ ನೀರು ಬಿಟ್ಟಾಗ ಒದ್ದೆಯಾದದ್ದು ಮೂರನೇ ಪಟ್ಟಿ, ಪೈಪು ಸಾಕೆಟ್ಟಿಗೆ ಹೋಗುವ ಅಂಚಿನದು.

ಅದನ್ನೂ ಕತ್ತರಿಸಿ ತೆಗೆದೆ. ಬಿಸಾಡುವ ಮೊದಲು ಕುತೂಹಲಕ್ಕೆ ಹ್ಯಾಕ್ಸಾ ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿದೆ. ಈ ಕೆಲಸ ಕಲಿಯಬೇಕು ಅನ್ನುವವರು ಒಮ್ಮೆಯಾದರೂ ಇದನ್ನು ಮಾಡಿ ನೋಡಬೇಕು. ಸರಿಯಾಗಿ ಬೆಸೆದುಕೊಂಡ ಕಡೆ ಪೈಪು ಎಲ್ಲಿ ಮುಗಿಯಿತು, ಸಾಕೆಟ್ ಎಲ್ಲಿ ಶುರುವಾಯಿತು ಅಂತ ಹೇಳುವುದೇ ಕಷ್ಟ. ಒಂದು ಕಡೆ ಮಾತ್ರ ಎರಡೂ ಹೋಳು ಬಿಡಿಬಿಡಿಯಾಗಿ ಬಂದವು. ಅಲ್ಲಿ ಪೈಪಿನ ಮೈ ಹೊಸದರಂತೆ ನುಣ್ಣಗೆ ಹೊಳೆಯುತ್ತಿತ್ತು. ಅಂದರೆ ಸಿಮೆಂಟು ಅಲ್ಲಿಗೆ ಮುಟ್ಟಿರಲೇ ಇಲ್ಲ. ಅದರ ಪಕ್ಕದಲ್ಲಿ ವೃತ್ತಾಕಾರದ ಗೀರುಗಳು, ಹಸಿ ಅಂಟು ತಿರುಚಿಕೊಂಡ ಗುರುತು. ಇನ್ನೂ ಒಂದು ವಿಷಯ ಇತ್ತು. ಪೈಪು ಸಾಕೆಟ್ಟಿನ ತಳದವರೆಗೆ ಹೋಗಿರಲಿಲ್ಲ, 4 ಮಿಲಿಮೀಟರ್ ಹಿಂದೆಯೇ ನಿಂತಿತ್ತು.

ಅದು ಹಿಂದೆ ನಿಂತದ್ದು ಯಾಕೆ ಅಂತ ಹೇಳಬೇಕಾದರೆ ಸಿಮೆಂಟು ಹೇಗೆ ಕೆಲಸ ಮಾಡುತ್ತದೆ ಅಂತ ಹೇಳಬೇಕು. ಇದು ಗೋಂದಿನ ಥರ ನಡುವೆ ಕೂತು ಅಂಟಿಸುವ ವಸ್ತು ಅಲ್ಲ. ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಕರಗಿಸಿ ಮೆತ್ತಗೆ ಮಾಡುತ್ತದೆ. ಎರಡು ಮೆತ್ತನೆ ಮೈಗಳು ಒತ್ತಿಕೊಂಡಾಗ ಒಂದರೊಳಗೊಂದು ಬೆರೆತು, ದ್ರಾವಕ ಆರಿದ ಮೇಲೆ ಒಂದೇ ತುಂಡಾಗುತ್ತವೆ. ಈ ಒತ್ತುವಿಕೆ ಸಿಗಲಿ ಅಂತಲೇ ಸಾಕೆಟ್ಟನ್ನು ಒಳಗೆ ಹೋದಂತೆ ಕಿರಿದಾಗುವ ಹಾಗೆ ಮಾಡಿರುತ್ತಾರೆ. ಒಣ ಪೈಪನ್ನು ತೂರಿಸಿದರೆ ಆಳದ ಮೂರನೇ ಒಂದರಿಂದ ಮೂರನೇ ಎರಡರಷ್ಟು ಹೋಗಿ ಅಲ್ಲೇ ಕಚ್ಚಿಕೊಳ್ಳಬೇಕು. ಉಳಿದ ಆಳಕ್ಕೆ ಇಳಿಯುವುದು ಸಿಮೆಂಟು ಹಚ್ಚಿ ಮೆತ್ತಗಾದ ಮೇಲೆ. ಆದರೆ ಕಿರಿದಾದ ಸಾಕೆಟ್ಟು ಪೈಪನ್ನು ಹೊರಕ್ಕೆ ತಳ್ಳುತ್ತಲೂ ಇರುತ್ತದೆ. ಒತ್ತಿ ತಕ್ಷಣ ಕೈ ಬಿಟ್ಟರೆ ಮೆಲ್ಲಗೆ ಹಿಂದಕ್ಕೆ ಬರುತ್ತದೆ. ನಾನು ಬಿಟ್ಟಿದ್ದೆ. 30 ಸೆಕೆಂಡ್ ಅದುಮಿ ಹಿಡಿದಿದ್ದರೆ ಆ 4 ಮಿಲಿಮೀಟರ್ ಹೋಗುತ್ತಿರಲಿಲ್ಲ.

ನುಣ್ಣಗೆ ಉಳಿದ ಜಾಗಕ್ಕೆ ಕಾರಣ ನನ್ನ ಡಬ್ಬಿ. ಮುಚ್ಚಳ ಸರಿಯಾಗಿ ಹಾಕದೆ ಇಟ್ಟ ಹಳೆಯ ಸಿಮೆಂಟು, ಕುಂಚ ಎತ್ತಿದರೆ ಲೋಳೆಯ ಹಾಗೆ ಜೋತುಬೀಳುತ್ತಿತ್ತು. ಒಳ್ಳೆಯ ಸಿಮೆಂಟು ಕುಂಚದಿಂದ ನಿರಾಯಾಸವಾಗಿ ಹರಿದು ಇಳಿಯಬೇಕು. ಲೋಳೆಯಾದದ್ದರಲ್ಲಿ ಕರಗಿಸುವ ದ್ರಾವಕವೇ ಆರಿ ಹೋಗಿರುತ್ತದೆ. ಅದಕ್ಕೆ ಥಿನ್ನರ್ ಬೆರೆಸಿ ತೆಳು ಮಾಡಿದರೆ ನೋಡಲು ಸರಿಯಾಗುತ್ತದೆ, ಕೆಲಸ ಮಾಡುವುದಿಲ್ಲ. ಬಿಸಾಡಬೇಕು. ಹಾಗೇ ಪಿವಿಸಿಯ ಸಿಮೆಂಟನ್ನು ಸಿಪಿವಿಸಿಗೆ ಹಚ್ಚಬಾರದು. ಅದು ಸಿಪಿವಿಸಿಯ ಮೈಯನ್ನು ಸಾಕಷ್ಟು ಮೆತ್ತಗೆ ಮಾಡುವುದಿಲ್ಲ. ಡಬ್ಬಿಯ ಮೇಲೆ ಯಾವ ಪೈಪಿಗೆ ಅಂತ ಬರೆದಿರುತ್ತದೆ, ಓದಿ ನೋಡಿ.

ಮೂರನೇ ಸಲ, ಸರಿಯಾಗಿ

ಈ ಸಲ ಕ್ರಮವನ್ನೇ ತಲೆಕೆಳಗು ಮಾಡಿದೆ. ಮೊದಲು ಥ್ರೆಡ್ಡು, ಆಮೇಲೆ ಅಂಟು.

ನಲ್ಲಿಯನ್ನೂ ಹೊಸ ಅಡಾಪ್ಟರನ್ನೂ ಮೇಜಿನ ಮೇಲೆ ಇಟ್ಟುಕೊಂಡು, ಟೇಪ್ ಇಲ್ಲದೆ ಕೈಯಿಂದ ತಿರುಗಿಸಿ ನೋಡಿದೆ. ಮೂರು ನಾಲ್ಕು ಸುತ್ತಿಗೆ ಬಿಗಿಯಾಗಿ ನಿಂತರೆ ಥ್ರೆಡ್ ಹೊಂದುತ್ತದೆ ಅಂತ ಅರ್ಥ. ಸಡಿಲವಾಗಿ ಕೊನೆಯವರೆಗೆ ಹೋಗಿಬಿಟ್ಟರೆ ಎರಡೂ ಕಡೆ ನೇರ ಥ್ರೆಡ್ ಇರಬಹುದು. ಅದಕ್ಕೆ ಟೇಪ್ ಅಲ್ಲ, ವಾಷರ್ ಬೇಕು. ಎರಡು ಸುತ್ತಿಗೇ ಒರಟಾಗಿ ಸಿಕ್ಕಿಕೊಂಡರೆ ಒಂದೋ ಓರೆಯಾಗಿ ಹತ್ತಿದೆ, ಇಲ್ಲವೇ ಎರಡು ಬೇರೆ ಮಾನದಂಡದ ಥ್ರೆಡ್ಡು. ಬಿಎಸ್‌ಪಿ ಮತ್ತು ಎನ್‌ಪಿಟಿ ಅನ್ನುವ ಎರಡು ಮಾನದಂಡಗಳಿಗೂ ಅರ್ಧ ಇಂಚಿನ ಅಳತೆಯಲ್ಲಿ ಇಂಚಿಗೆ 14 ಸುತ್ತೇ. ಆದರೆ ಹಲ್ಲಿನ ಕೋನ ಒಂದರದ್ದು 55 ಡಿಗ್ರಿ, ಇನ್ನೊಂದರದ್ದು 60. ಹಾಗಾಗಿ ಒಂದರೊಳಗೊಂದು ಹತ್ತುತ್ತವೆ, ಕೂತ ಹಾಗೆ ಕಾಣುತ್ತವೆ, ಆದರೆ ಜಿನುಗುತ್ತಲೇ ಇರುತ್ತವೆ. ಬೇರೆ ದೇಶದಿಂದ ಬಂದ ಷವರ್ ಅಥವಾ ಫಿಲ್ಟರ್ ಹಾಕುವಾಗ ಈ ಅನುಮಾನ ಇರಲಿ.

ಟೇಪ್ ಸುತ್ತುವಾಗ ಥ್ರೆಡ್ಡಿನ ತುದಿ ನಿಮ್ಮ ಮುಖದ ಕಡೆ ಇರಲಿ. ಗಡಿಯಾರದ ಮುಳ್ಳು ತಿರುಗುವ ಕಡೆಗೇ ಸುತ್ತಿ. ಉಲ್ಟಾ ಸುತ್ತಿದರೆ ನಲ್ಲಿ ಹತ್ತಿಸುವಾಗ ಟೇಪು ಬಿಚ್ಚಿಕೊಂಡು ಹೊರಗೆ ಮುದ್ದೆಯಾಗುತ್ತದೆ. ತುದಿಯ ಒಂದು ಸುತ್ತು ಬರಿದಾಗಿ ಬಿಡಿ, ಟೇಪಿನ ಚೂರು ನೀರಿನೊಳಗೆ ಹೋಗದಿರಲಿ. ಹಲ್ಲಿನ ಆಕಾರ ಟೇಪಿನ ಮೇಲೆ ಎದ್ದು ಕಾಣುವಷ್ಟು ಎಳೆದು ಸುತ್ತಬೇಕು. ಸಾಮಾನ್ಯವಾಗಿ ಸಿಗುವ ತೆಳು ಟೇಪಾದರೆ ನಾಲ್ಕೈದು ಸುತ್ತು ಸಾಕು. ಹದಿನೈದು ಬೇಕು ಅನ್ನಿಸಿದರೆ ಕಡಿಮೆಯಾದದ್ದು ಟೇಪ್ ಅಲ್ಲ, ಹೊಂದದಿರುವುದು ಥ್ರೆಡ್. ಥ್ರೆಡ್ಡಿಗೆ ಸಾಲ್ವೆಂಟ್ ಸಿಮೆಂಟ್ ಮಾತ್ರ ಯಾವತ್ತೂ ಹಚ್ಚಬೇಡಿ. ಎಣ್ಣೆ ಬೆರೆಸಿದ ಬಣ್ಣ, ಮೆಷಿನ್ ಬೋಲ್ಟಿಗೆ ಹಾಕುವ ಲಾಕ್ ದ್ರವ ಇವೂ ಬೇಡ. ಇಂಥವುಗಳಿಂದ ಸಿಪಿವಿಸಿ ತಿಂಗಳು ಕಳೆದು ಬಿರಿಯಬಹುದು.

ಕೈಯಿಂದ ಎಷ್ಟು ಹೋಗುತ್ತದೋ ಅಷ್ಟು ತಿರುಗಿಸಿ, ಆಮೇಲೆ ಪಾನಾದಿಂದ ಒಂದರಿಂದ ಒಂದೂವರೆ ಸುತ್ತು. ಅಡಾಪ್ಟರನ್ನು ಇನ್ನೊಂದು ಪಾನಾದಿಂದ ಹಿಡಿದುಕೊಂಡಿರಿ. ಅಲ್ಲಿಗೆ ನಿಲ್ಲಿಸಿ. ನಲ್ಲಿಯ ಬಾಯಿ ಎತ್ತ ಮುಖ ಮಾಡಿದರೂ ಮಾಡಲಿ. ಸರಿಮಾಡಲು ಹಿಂದಕ್ಕೆ ತಿರುಗಿಸಿದರೆ ಟೇಪು ಹರಿದು ದಾರಿ ಬಿಡುತ್ತದೆ. ಹಿಂದೆ ತಿರುಗಿಸಿದಿರಾದರೆ ಬಿಚ್ಚಿ, ಹೊಸ ಟೇಪ್ ಸುತ್ತಿ.

ಬಾಯಿ ಕೆಳಗೆ ಬರುವುದು ಹೇಗೆ ಅಂದಿರಾ? ಥ್ರೆಡ್ಡು ಮೇಜಿನ ಮೇಲೆಯೇ ಮುಗಿದಿದೆ, ಅಂಟು ಇನ್ನೂ ಹಾಕಿಲ್ಲ. ಪೈಪಿನ ಮೇಲೆ ಅಡಾಪ್ಟರನ್ನು ಯಾವ ಕೋನಕ್ಕೆ ಬೇಕಾದರೂ ಅಂಟಿಸಬಹುದು. ಒಣದಾಗಿ ಜೋಡಿಸಿ, ನಲ್ಲಿಯ ಬಾಯಿ ಕೆಳಕ್ಕೆ ಮಾಡಿ, ಪೈಪಿನಿಂದ ಅಡಾಪ್ಟರಿನ ಮೇಲೆ ಹಾಯುವ ಹಾಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದೆ. ಸಾಕೆಟ್ಟಿನ ಆಳ ಅಳೆದು ಪೈಪಿನ ಮೇಲೆ ಅಡ್ಡ ಗೆರೆಯನ್ನೂ ಹಾಕಿದೆ. ಹಿಂದಿನ ಸಲ ಈ ಅಡ್ಡ ಗೆರೆ ಇದ್ದಿದ್ದರೆ ಪೈಪು ಹಿಂದೆ ಬಂದದ್ದು ಆಗಲೇ ಕಾಣುತ್ತಿತ್ತು.

ಇನ್ನು ಅಂಟಿನ ಕೆಲಸ. ಪೈಪಿನ ತುದಿ ನೇರವಾಗಿ ಕತ್ತರಿಸಿರಬೇಕು. ಓರೆಯಾದರೆ ಒಂದು ಕಡೆ ಬೆಸುಗೆಯ ಅಗಲ ಕಡಿಮೆಯಾಗುತ್ತದೆ. ಹೊರ ಅಂಚನ್ನು ಅರದಿಂದ ಸ್ವಲ್ಪ ಓರೆ ಮಾಡಿ. ಚೂಪಾದ ಅಂಚು ಒಳಗೆ ಹೋಗುವಾಗ ಸಾಕೆಟ್ಟಿನ ಸಿಮೆಂಟನ್ನೆಲ್ಲ ಹೆರೆದು ಮುಂದಕ್ಕೆ ತಳ್ಳಿಬಿಡುತ್ತದೆ. ಧೂಳು, ಜಿಡ್ಡು, ನೀರು ಮೂರೂ ಇರಬಾರದು. ಇದರಲ್ಲಿ ಕಾಟ ಕೊಡುವುದು ನೀರೇ. ವಾಲ್ವ್ ಮುಚ್ಚಿದ್ದರೂ ಹಳೆಯ ಸಾಲಿನಲ್ಲಿ ಹನಿ ಹನಿಯಾಗಿ ಬರುತ್ತಲೇ ಇರುತ್ತದೆ. ಅದು ಪೂರ್ತಿ ನಿಲ್ಲದೆ ಸಿಮೆಂಟ್ ಡಬ್ಬಿ ತೆರೆಯಬೇಡಿ. ಕೆಳಗಿನ ಇನ್ನೊಂದು ನಲ್ಲಿ ತೆರೆದು ಸಾಲು ಬರಿದು ಮಾಡಿದರೆ ಎಷ್ಟೋ ಸಲ ಅಲ್ಲಿಗೆ ನಿಲ್ಲುತ್ತದೆ. ಡಬ್ಬಿಯ ಮೇಲೆ ಪ್ರೈಮರ್ ಹಚ್ಚಿ ಅಂತ ಬರೆದಿದ್ದರೆ ಅದನ್ನು ಬಿಡಬೇಡಿ.

ಪೈಪಿಗೆ ಅಡ್ಡ ಗೆರೆಯವರೆಗೆ ಧಾರಾಳವಾಗಿ, ಎಲ್ಲೂ ಜಾಗ ಬಿಡದೆ ಹಚ್ಚಿ. ಸಾಕೆಟ್ಟಿನ ಒಳಗೆ ತೆಳ್ಳಗೆ. ಅಲ್ಲಿ ಜಾಸ್ತಿಯಾದರೆ ತಳದಲ್ಲಿ ಮಡುಗಟ್ಟಿ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ, ಥ್ರೆಡ್ಡಿನ ಕಡೆಗೂ ಹರಿಯುತ್ತದೆ. ಹಚ್ಚಿದ ಮೇಲೆ ಮೈ ಒದ್ದೆಯಾಗಿರುವಾಗಲೇ ಸೇರಿಸಬೇಕು. ಬಿಸಿಲಿನಲ್ಲಿ ಅರ್ಧ ನಿಮಿಷವೂ ಸಿಗುವುದಿಲ್ಲ. ಪೆನ್ಸಿಲ್ ಗೆರೆಗಿಂತ ಕಾಲು ಸುತ್ತು ಹಿಂದೆ ಹಿಡಿದು ಶುರು ಮಾಡಿ, ಒಳಗೆ ತಳ್ಳುತ್ತಾ ತಿರುಗಿಸಿ ಗೆರೆಗೆ ತಂದು ನಿಲ್ಲಿಸಿ. ಆಮೇಲೆ ಅದುಮಿ ಹಿಡಿದು ಮೂವತ್ತು ಎಣಿಸಿ. ಆಗ ನಲ್ಲಿ ತೆರೆದೇ ಇರಲಿ, ಇಲ್ಲದಿದ್ದರೆ ಒಳಗೆ ಸಿಕ್ಕಿದ ಗಾಳಿ ಪೈಪನ್ನು ಹೊರಕ್ಕೆ ನೂಕುತ್ತದೆ. ಸಾಕೆಟ್ಟಿನ ಬಾಯಿಯ ಸುತ್ತ ಸಿಮೆಂಟಿನ ಸಣ್ಣ ಮಣಿಯಂಥ ಉಂಗುರ ಮೂಡಬೇಕು. ಉಂಗುರ ಎಲ್ಲಾದರೂ ತುಂಡಾಗಿದ್ದರೆ ಅಲ್ಲಿ ಸಿಮೆಂಟು ಸಾಲದು ಅಂತ ಅರ್ಥ. ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿ.

ನಲ್ಲಿಯ ಭಾರಕ್ಕೆ ಜೋಡಣೆ ಬಾಗದ ಹಾಗೆ ಕೆಳಗೆ ಒಂದು ಮರದ ತುಂಡು ಆನಿಸಿಟ್ಟೆ. ಐದು ಹತ್ತು ನಿಮಿಷಕ್ಕೆ ಅಂಟು ಗಟ್ಟಿಯಾದ ಹಾಗೆ ಕಾಣುತ್ತದೆ, ನಂಬಬೇಡಿ. ಅದು ಮುಟ್ಟುವಷ್ಟು ಗಟ್ಟಿ, ಒತ್ತಡ ತಡೆಯುವಷ್ಟಲ್ಲ. ಒಳಗಿನ ದ್ರಾವಕ ಆರಲು ಗಂಟೆಗಟ್ಟಲೆ ಬೇಕು. ಚಳಿಯಲ್ಲಿ, ತೇವದ ಹವೆಯಲ್ಲಿ ಇನ್ನೂ ಜಾಸ್ತಿ. ಡಬ್ಬಿಯ ಮೇಲೆ ಕೋಷ್ಟಕ ಇರುತ್ತದೆ. ನಾನು ಲೆಕ್ಕ ಹಾಕುವ ಗೋಜಿಗೆ ಹೋಗದೆ 24 ಗಂಟೆ ಬಿಡುತ್ತೇನೆ.

ಮಾರನೆಯ ದಿನ ವಾಲ್ವನ್ನು ನಿಧಾನವಾಗಿ ತೆರೆದೆ. ನಲ್ಲಿ ತೆರೆದಿಟ್ಟು ಮೊದಲು ಗಾಳಿ ಹೋಗಲು ಬಿಟ್ಟೆ, ಆಮೇಲೆ ಮುಚ್ಚಿದೆ. ಗಾಳಿಯ ಪಂಪಿನಿಂದ ಒತ್ತಡ ಕೊಟ್ಟು ಪರೀಕ್ಷೆ ಮಾಡುವ ಯೋಚನೆ ಬೇಡ. ಜೋಡಣೆ ಬಿಟ್ಟರೆ ನೀರಾದರೆ ಚಿಮ್ಮಿ ನಿಲ್ಲುತ್ತದೆ, ಒತ್ತಿದ ಗಾಳಿಯಾದರೆ ತುಂಡುಗಳು ಸಿಡಿಯುತ್ತವೆ. ಮತ್ತೆ ಮೂರು ಟಿಶ್ಯೂ ಪಟ್ಟಿ ಸುತ್ತಿ, ಪಂಪು ಓಡಿಸಿ, ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಬಿಚ್ಚಿ ತುಟಿಗೆ ತಾಗಿಸಿ ನೋಡಿದೆ. ಬೆರಳಿಗೆ ತಿಳಿಯದ ತೇವ ತುಟಿಗೆ ತಿಳಿಯುತ್ತದೆ. ಮೂರೂ ಗರಿಗರಿಯಾಗಿದ್ದವು.